ದೊಡ್ಡಮ್ಮನ ಮುಂದೆ ಫೋಟೊ ಇಟ್ಟಾಗ

ದಾವಣಗೆರೆಯ ನಮ್ಮ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಕೆಲವು ವರ್ಷಗಳಿಂದ ಮರೆವಿನ ಕಾಯಿಲೆ. ಅಲ್ಜೈಮರ್ ಅಂತ ಡಾಕ್ಟರು ಹೇಳಿದ್ದಾರೆ. ಮನೆಗೆ ಬರುವ ನೆಂಟರು ಆಕೆಯ ಮುಂದೆ ಕೂತು ಮೊದಲು ಕೇಳುವುದು ಒಂದೇ ಮಾತು: "ನಾನ್ಯಾರು ಹೇಳು ನೋಡೋಣ?" ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಆಕೆಯ ಬೆರಳು ಸೆರಗಿನ ಅಂಚನ್ನು ಹಿಡಿದು ಹೊಸೆಯತೊಡಗುತ್ತದೆ. ಕೊನೆಗೆ "ಗೊತ್ತೈತೆ ಬಿಡು" ಅಂತ ಮುಖ ತಿರುಗಿಸಿಬಿಡುತ್ತಾಳೆ. ಗೊತ್ತಿಲ್ಲ ಅನ್ನುವುದು ಆಕೆಗೆ ಗೊತ್ತಿರುತ್ತದೆ, ಕಷ್ಟ ಇರುವುದೇ ಅಲ್ಲಿ.

ದುಗ್ಗಮ್ಮನ ಜಾತ್ರೆಗೆ ಹೋದಾಗ ಹಳೇ ಫೋಟೊಗಳನ್ನು ತೋರಿಸೋಣ ಅಂದುಕೊಂಡೆ. ಆಲ್ಬಮ್ಮನ್ನೇ ಕೈಗೆ ಕೊಡಲಿಲ್ಲ. ಅದರ ಪ್ಲಾಸ್ಟಿಕ್ ಹಾಳೆ ಬೆಳಕಿಗೆ ಮಿಂಚುತ್ತದೆ, ಒಂದೇ ಪುಟದಲ್ಲಿ ನಾಲ್ಕು ಫೋಟೊ ಬೇರೆ. ಮೊಬೈಲೂ ಬೇಡ. ಆಕೆ ಮುಖ ಸವರಲು ಹೋದರೆ ಚಿತ್ರವೇ ಮುಂದಕ್ಕೆ ಓಡಿಬಿಡುತ್ತದೆ. ಒಬ್ಬರೋ ಇಬ್ಬರೋ ಇರುವ ಫೋಟೊಗಳನ್ನಷ್ಟೇ ಆರಿಸಿ, ಹೊಳಪಿಲ್ಲದ ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೆ. ಸಂಜೆಯಾದರೆ ಆಕೆಗೆ ಚಡಪಡಿಕೆ ಜಾಸ್ತಿ. ತನ್ನ ಮನೆಯಲ್ಲೇ ಕೂತು "ಮನೆಗೆ ಹೋಗ್ಬೇಕು" ಅನ್ನುತ್ತಾಳೆ. ಹಾಗಾಗಿ ಬೆಳಿಗ್ಗೆ, ತಿಂಡಿ ಮುಗಿದ ಮೇಲೆ, ಟಿವಿ ಆರಿಸಿ, ಕನ್ನಡಕ ಒರೆಸಿಕೊಟ್ಟು, ಎದುರಿಗಲ್ಲ, ಪಕ್ಕದಲ್ಲಿ ಕೂತೆ.

ಮೊದಲು ಮದುವೆ ಫೋಟೊ. ಸ್ಟುಡಿಯೊದಲ್ಲಿ ತೆಗೆಸಿದ ಕಪ್ಪು ಬಿಳುಪಿನದು. "ಇದು ನಿನ್ನ ಮದುವೆ, ದೊಡ್ಡಮ್ಮ. ಪಕ್ಕದಲ್ಲಿ ದೊಡ್ಡಪ್ಪ" ಅಂತ ನಾನೇ ಹೇಳಿದೆ. ಆಕೆಗೆ ತನ್ನ ಗುರ್ತೂ ಸಿಗಲಿಲ್ಲ. "ಹುಡುಗಿ ಚೆನ್ನಾಗದಾಳೆ" ಅಂದಳು. ಹೌದು ಅಂದೆ. ಬೆರಳು ನಿಧಾನಕ್ಕೆ ಸೀರೆಗೆ ಇಳಿಯಿತು. "ಇಳಕಲ್ ಸೀರೆ. ಟೋಪ್ ತೆನಿ ಸೆರಗು ನೋಡು. ನಮ್ಮಪ್ಪ ತಂದಿದ್ದು." ಆಮೇಲೆ ಸೀರೆಯ ಬಣ್ಣ, ಉಟ್ಟರೆ ಎಷ್ಟು ಭಾರ, ಎಲ್ಲ ಬಂತು. ಮುಖ ಕೈಕೊಟ್ಟ ಕಡೆ ಸೀರೆಯೋ ಕೊಡವೋ ಸೈಕಲ್ಲೋ ಹಿಡಿಕೆಯಾಗುತ್ತದೆ. ಹಾಗಾಗಿ ನಾನು ಮುಖಗಳ ಸುದ್ದಿ ಬಿಟ್ಟು ಸೀರೆಯ ಹಿಂದೆಯೇ ಹೋದೆ.

ಮುಂದಿನದು ನನ್ನ ಅಣ್ಣನ ಫೋಟೊ, ಅಂದರೆ ಆಕೆಯ ಮಗನದು. ಈಚಿನದು. ನರೆತ ಮೀಸೆ, ಐವತ್ತು ದಾಟಿದ ಮುಖ. "ಯಾರೋ ಆಫೀಸಿನೋರು" ಅಂದಳು. ಅಣ್ಣ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ನಾನು ಸುಮ್ನೆ ಅದನ್ನು ಕೆಳಗಿಟ್ಟು, ಅವನು ಚಡ್ಡಿ ಹಾಕಿ ಚೀಲ ಹಿಡಿದ ಫೋಟೊ ಕೊಟ್ಟೆ. "ನನ್ನ ಮಗ! ಸಾಲಿಗೆ ಹೋಗ್ಯಾನೆ" ಅಂದಳು, ತಡವೇ ಇಲ್ಲದೆ.

ಈ ಕಾಯಿಲೆ ಹೊಸ ನೆನಪನ್ನು ಮೊದಲು ತಿನ್ನುತ್ತದೆ. ಹೊಸದನ್ನು ಕೂಡಿಡುವ ಮೆದುಳಿನ ಭಾಗ ಮೊದಮೊದಲೇ ಕುಗ್ಗುವುದರಿಂದ ಹೀಗೆ. ಹಳೆಯದು ಇನ್ನಷ್ಟು ಕಾಲ ಉಳಿಯುತ್ತದೆ. ಆಕೆಯ ಲೆಕ್ಕದಲ್ಲಿ ಮಗ ಇನ್ನೂ ಶಾಲೆಯಲ್ಲಿದ್ದಾನೆ. ಹಾಗಿದ್ದ ಮೇಲೆ ಈ ಮೀಸೆಯವನು ಮಗ ಹೇಗಾದಾನು?

ಅಣ್ಣ ತಡೆಯಲಾರದೆ "ಅವ್ವಾ, ಅದು ನಾನೇ" ಅಂದ. ಆಕೆ ಅವನನ್ನು ಮೇಲೆ ಕೆಳಗೆ ನೋಡಿ, "ಅವನಿನ್ನೂ ಸಣ್ಣೋನು" ಅಂದಳು. ಅಲ್ಲಿಗೆ ವಾದ ಬೆಳೆಯಬಹುದಿತ್ತು. ಅವನು ಸ್ವಲ್ಪ ಹೊತ್ತು ಬಿಟ್ಟು, ಬಂದು ಕೂತು, "ಭಾರಿ ತುಂಟನಾ ನಿನ್ನ ಮಗ?" ಅಂತ ಕೇಳಿದ. ಶೇಂಗಾ ಕದ್ದು ಜೇಬಿಗೆ ತುಂಬಿಕೊಳ್ಳುತ್ತಿದ್ದುದನ್ನು ದೊಡ್ಡಮ್ಮ ಅವನಿಗೇ ಹೇಳಿದಳು. ಇಬ್ಬರೂ ನಕ್ಕರು. ಅವನಿಗೆ ಅದು ಸುಲಭವಾಗಿರಲಿಲ್ಲ.

ದೊಡ್ಡಪ್ಪನ ಫೋಟೊ ಬಂದಾಗ ನಾನು ಎಚ್ಚರವಾಗಿದ್ದೆ. ಅವರು ಕಾಟನ್ ಮಿಲ್ಲಿನಲ್ಲಿದ್ದವರು, ತೀರಿಕೊಂಡು ಬಹಳ ಕಾಲವಾಯಿತು. "ಮಿಲ್ಲಿಗೆ ಹೋಗ್ಯಾರೇನು?" ಅಂದಳು. ತೀರಿಕೊಂಡರು ಅಂದರೆ ಆಕೆಗೆ ಅದು ಇವತ್ತಿನ ಸಾವು. ಕೇಳಿದಷ್ಟು ಸಲ ಹೇಳಿದರೆ ಅಷ್ಟು ಸಲ ಹೊಸದಾಗಿ ಅಳಬೇಕು. ಸುಳ್ಳು ಹೇಳುವುದೂ ನನಗೆ ಹಿಡಿಸದು. "ಮಿಲ್ಲಿಗೆ ಏನು ಬುತ್ತಿ ಕಟ್ತಿದ್ದೆ?" ಅಂತ ಕೇಳಿದೆ. "ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ." ಮಾತು ಅತ್ತ ಹೋಯಿತು. "ಸತ್ತರೇನು?" ಅಂತ ನೇರವಾಗಿಯೇ ಕೇಳಿದ್ದರೆ ಕೈ ಹಿಡಿದುಕೊಂಡು ಹೌದು ಅನ್ನುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಬೆರಳು ಮತ್ತೆ ಸೆರಗಿಗೆ ಹೋಯಿತು. ಇನ್ನೂ ಫೋಟೊಗಳಿದ್ದವು, ನಿಲ್ಲಿಸಿದೆ. ಮರುದಿನ ಅವೇ ಫೋಟೊಗಳಿಗೆ ಆಕೆ ಏನೂ ಹೇಳಲಿಲ್ಲ, ಇಳಕಲ್ ಸೀರೆಗೂ ಇಲ್ಲ. ಇದರಿಂದ ಮರೆವು ವಾಸಿಯಾಗುವುದಿಲ್ಲ.

ಮಗನ ಚಡ್ಡಿ ಫೋಟೊವನ್ನು ಮಡಚಿ ಎಲೆ ಅಡಿಕೆ ಸಂಚಿಗೆ ಸೇರಿಸಿಕೊಂಡಿದ್ದಾಳೆ, ಸುಣ್ಣ ಮೆತ್ತಿದೆ. ಅದಕ್ಕೇ ಅಸಲು ಪ್ರತಿಗಳನ್ನು ಬೀರುವಿನಲ್ಲಿಟ್ಟು ನಕಲನ್ನಷ್ಟೇ ಕೊಡುವುದು. ಅಣ್ಣ ಈಗ ಪ್ರತಿ ಫೋಟೊದ ಕೆಳಗೂ ದಪ್ಪ ಅಕ್ಷರದಲ್ಲಿ ಹೆಸರು, ಸಂಬಂಧ ಬರೆದಿಟ್ಟಿದ್ದಾನೆ. ಅದು ದೊಡ್ಡಮ್ಮನಿಗಿಂತ ಜಾಸ್ತಿ ನೆಂಟರಿಗೆ. ಪ್ರಶ್ನೆ ಕೇಳುವ ಬದಲು ಅವರೇ ಓದಿ ಹೇಳಲಿ ಅಂತ.