ಹತ್ತಕ್ಕೆ ಎಂಟು ಬಂದ ಹುಡುಗ, ಆನೆ ನೋಡಿದ ಅಮ್ಮ

ಮಂಡ್ಯದ ಹತ್ತಿರದ ಒಂದು ಶಾಲೆಯಲ್ಲಿ ಆರರಿಂದ ಎಂಟನೇ ತರಗತಿವರೆಗೆ ಹಿಂದಿ ಹೇಳಿಕೊಡುತ್ತೇನೆ. ಹೋದ ವರ್ಷ ಏಳನೇ ತರಗತಿಗೆ ಹತ್ತು ಪ್ರಶ್ನೆಯ ಒಂದು ವ್ಯಾಕರಣ ಕ್ವಿಜ್ ಮಾಡಿದ್ದೆ. ಭೂತಕಾಲದ ವಾಕ್ಯ ಕೊಟ್ಟು, ಕೊನೆಗೆ ಪುಲ್ಲಿಂಗದ 'ಖಾಯಾ' ಬರುತ್ತೋ ಸ್ತ್ರೀಲಿಂಗದ 'ಖಾಯೀ' ಬರುತ್ತೋ ಆರಿಸಬೇಕು. ಬಹಳಷ್ಟು ಮಕ್ಕಳಿಗೆ ಎಂಟು, ಒಂಬತ್ತು ಬಂತು. ಸ್ಟಾಫ್ ರೂಮಿನಲ್ಲಿ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ, ಸುಳ್ಳೇಕೆ.

ದಸರಾ ರಜೆ ಮುಗಿದ ಮೇಲೆ, ರಜೆಯಲ್ಲಿ ಏನು ಮಾಡಿದಿರಿ ಅಂತ ಐದೈದು ಸಾಲು ಬರೆಸಿದೆ. ಕ್ವಿಜ್‌ನಲ್ಲಿ ಹತ್ತಕ್ಕೆ ಎಂಟು ತೆಗೆದುಕೊಂಡಿದ್ದ ಹುಡುಗನೊಬ್ಬ ಹೀಗೆ ಬರೆದಿದ್ದ:

ಪಿತಾಜೀ ನೇ ಸಾಡೀ ಖರೀದಾ.
ಮಾ ನೇ ಹಾಥೀ ದೇಖೀ.

ಎರಡೂ ತಪ್ಪು. 'ಸಾಡೀ ಖರೀದೀ' ಆಗಬೇಕು, 'ಹಾಥೀ ದೇಖಾ' ಆಗಬೇಕು. ಕರೆದು ಕೇಳಿದೆ, "ಯಾಕೋ ಹೀಗೆ ಬರೆದೆ?" ಅವನಿಗೆ ಅನುಮಾನವೇ ಇರಲಿಲ್ಲ. "ಸೀರೆ ತಂದೋರು ಅಪ್ಪ ಅಲ್ವಾ ಮಿಸ್, ಗಂಡಸು. ಆನೆ ನೋಡಿದ್ದು ಅವ್ವ, ಅದ್ಕೇ ದೇಖೀ."

ಅವನು ಕನ್ನಡದ ಲೆಕ್ಕ ಹಿಡಿದಿದ್ದ. ಅಪ್ಪ ತಂದ, ಅವ್ವ ನೋಡಿದಳು. ನಮ್ಮಲ್ಲಿ ಕ್ರಿಯಾಪದ ಕರ್ತೃವನ್ನೇ ನೋಡಿಕೊಂಡು ಬದಲಾಗುತ್ತೆ. ಹಿಂದಿಯಲ್ಲಿ ಇಂಥ ಕಡೆ ಅದು ಕರ್ಮವನ್ನು, ಅಂದರೆ ಸೀರೆಯನ್ನು, ಆನೆಯನ್ನು ನೋಡಿಕೊಂಡು ಬದಲಾಗಬೇಕು. ಹಾಗಾದರೆ ಇಂಥ ಹುಡುಗನಿಗೆ ಎಂಟು ಅಂಕ ಹೇಗೆ ಬಂತು? ಆ ಸಂಜೆ ನನ್ನದೇ ಪ್ರಶ್ನೆಪತ್ರಿಕೆ ತೆಗೆದು ಕೂತೆ. 'ರಾಜು ನೇ ಗನ್ನಾ ಖಾಯಾ.' ರಾಜು ಪುಲ್ಲಿಂಗ, ಕಬ್ಬು ಅನ್ನೋ ಅರ್ಥದ ಗನ್ನಾನೂ ಪುಲ್ಲಿಂಗ. 'ಗೀತಾ ನೇ ರೋಟೀ ಬನಾಯೀ.' ಗೀತಾ ಸ್ತ್ರೀಲಿಂಗ, ರೋಟೀನೂ ಸ್ತ್ರೀಲಿಂಗ. ಹತ್ತರಲ್ಲಿ ಎಂಟು ಪ್ರಶ್ನೆ ಹೀಗೇ ಇದ್ದವು. ತಿಂದವರನ್ನು ನೋಡಿ ಉತ್ತರ ಬರೆದರೂ ಸರಿ, ತಿಂದದ್ದನ್ನು ನೋಡಿ ಬರೆದರೂ ಸರಿ. ಹುಡುಗ ತಪ್ಪು ನಿಯಮದಿಂದಲೇ ಎಂಟು ಗೆದ್ದಿದ್ದ. ಮಿಕ್ಕ ಎರಡರಲ್ಲಿ ಮಾತ್ರ ('ಗೀತಾ ನೇ ದೂಧ್ ಪಿಯಾ', 'ಭಾಯೀ ನೇ ಚಾಯ್ ಪೀ') ಸಿಕ್ಕಿಬಿದ್ದಿದ್ದ. ಅದನ್ನು ನಾನು ಮರೆವು ಅಂದುಕೊಂಡಿದ್ದೆ.

ಎರಡನೇ ಕ್ವಿಜ್ ಮಾಡುವಾಗ ಕರ್ತೃ ಒಂದು ಲಿಂಗವಾದರೆ ಕರ್ಮ ಬೇರೆ ಲಿಂಗ ಇರುವ ಹಾಗೆ ವಾಕ್ಯ ಕಟ್ಟಿದೆ. ಆದರೆ ಆ ಆನೆಯ ವಾಕ್ಯದಲ್ಲಿ ಇನ್ನೊಂದು ತೊಡಕಿತ್ತು. ಹುಡುಗ 'ದೇಖೀ' ಬರೆದದ್ದು ಅವ್ವನನ್ನು ನೋಡಿ ಅಂತ ಅವನೇ ಬಾಯಿಬಿಟ್ಟ. ಬೇರೆ ಮಗುವಾದರೆ 'ಹಾಥೀ' ಕೊನೆಗೆ ಈಕಾರ ಇದೆ, ಅದಕ್ಕೆ ಸ್ತ್ರೀಲಿಂಗ ಅಂದುಕೊಂಡೂ ಹಾಗೇ ಬರೆದಿರಬಹುದು. ಹಿಂದಿಯಲ್ಲಿ ಹಾಥೀ, ಪಾನೀ, ಘೀ, ದಹೀ ಎಲ್ಲ ಈಕಾರ ಇಟ್ಟುಕೊಂಡೇ ಪುಲ್ಲಿಂಗ. ನಮಗೆ ವಸ್ತುಗಳನ್ನೆಲ್ಲ ತುಂಬಿಡೋಕೆ ನಪುಂಸಕಲಿಂಗ ಅನ್ನೋ ದೊಡ್ಡ ಕಣಜ ಇದೆ. ಹಿಂದಿಗೆ ಅದು ಇಲ್ಲ. ಒಂದು ತಪ್ಪು ಉತ್ತರ ನೋಡಿ, ಮಗುವಿಗೆ ಗೊತ್ತಿಲ್ಲದ್ದು ಪದದ ಲಿಂಗವೋ ವಾಕ್ಯದ ನಿಯಮವೋ ಅಂತ ಹೇಳೋಕಾಗಲ್ಲ. ಅದಕ್ಕೆ ಕರ್ಮದ ಮೊದಲು ಒಂದು ವಿಶೇಷಣ ಸೇರಿಸಿದೆ: 'ಮಾ ನೇ ಬಡಾ ಹಾಥೀ ____', 'ಭಾಯೀ ನೇ ಪುರಾನೀ ಕಿತಾಬ್ ____'. 'ಬಡಾ', 'ಪುರಾನೀ' ಅಂದ ತಕ್ಷಣ ಲಿಂಗ ಕಣ್ಣಿಗೆ ಕಾಣುತ್ತೆ. ಆಮೇಲೂ ತಪ್ಪಿದರೆ ಬಹುತೇಕ ನಿಯಮದ್ದೇ ತಪ್ಪು.

ಇನ್ನು ನಿಯಮ ಹೇಳಿಕೊಡಬೇಕಲ್ಲ. 'ಸಕರ್ಮಕ ಕ್ರಿಯೆ, ಭೂತಕಾಲ, ಕರ್ತೃವಿಗೆ ನೇ, ಕ್ರಿಯೆ ಕರ್ಮಕ್ಕೆ ಅನುಗುಣ' ಅಂತ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೆ. ಮಕ್ಕಳು ಒಪ್ಪಿಸುತ್ತಿದ್ದರು, ಬರೆಯುವಾಗ ಅಪ್ಪ ಗಂಡಸು ಅನ್ನೋದೇ ಗೆಲ್ಲುತ್ತಿತ್ತು. ಈ ಸಲ ಬೋರ್ಡಿನ ಮೇಲೆ ಕನ್ನಡದ ವಾಕ್ಯ ಬರೆದೆ: 'ಗೀತಾಗೆ ಅಣ್ಣ ಸಿಕ್ಕಿದ. ರಾಜುಗೆ ಅಕ್ಕ ಸಿಕ್ಕಿದಳು.' ಸಾಲಿನ ಮೊದಲು ಇರೋದು ಗೀತಾ, ಆದರೂ 'ಸಿಕ್ಕಿದಳು' ಅಂತ ಯಾಕೆ ಅನ್ನಲ್ಲ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗಿ, "ಅವಳಿಗೆ ಗೆ ಅಂಟ್ಕೊಂಡೈತಲ್ಲ ಮಿಸ್" ಅಂದಳು. ಅಷ್ಟೇ ಕಣಮ್ಮ, ಹಿಂದಿಯಲ್ಲಿ 'ನೇ' ಮಾಡೋದೂ ಅದೇ ಕೆಲಸ.

ಅವತ್ತಿಂದ ನಮ್ಮ ತರಗತಿಯಲ್ಲಿ ನೇ, ಕೋ ಇವಕ್ಕೆ ಬಾಲ ಅಂತ ಹೆಸರು. ಕರ್ತೃವಿಗೆ ಬಾಲ ಇಲ್ಲದಿದ್ದರೆ ಕ್ರಿಯಾಪದ ಅದರ ಮಾತನ್ನೇ ಕೇಳುತ್ತೆ: 'ಗೀತಾ ಗನ್ನಾ ಖಾತೀ ಹೈ.' ಕರ್ತೃವಿಗೆ 'ನೇ' ಬಾಲ ಬಂತೋ, ಕ್ರಿಯಾಪದ ಕರ್ಮದ ಕಡೆ ತಿರುಗುತ್ತೆ: 'ಗೀತಾ ನೇ ಗನ್ನಾ ಖಾಯಾ.' ಕರ್ಮಕ್ಕೂ 'ಕೋ' ಬಾಲ ಇದ್ದರೆ ಕೇಳೋಕೆ ಯಾರೂ ಉಳಿಯಲ್ಲ. ಕನ್ನಡದಲ್ಲಿ ಅಂಥ ಕಡೆ ನಪುಂಸಕಕ್ಕೆ ಹೋಗುತ್ತೇವೆ, 'ನನಗೆ ಗೊತ್ತಾಯಿತು' ಅಂದ ಹಾಗೆ. ನಪುಂಸಕವೇ ಇಲ್ಲದ ಹಿಂದಿ ಪುಲ್ಲಿಂಗ ಏಕವಚನಕ್ಕೆ ನಿಲ್ಲುತ್ತೆ: 'ಮಾ ನೇ ಗೀತಾ ಕೋ ಬುಲಾಯಾ.' ಕರೆದವಳೂ ಹೆಂಗಸು, ಕರೆಸಿಕೊಂಡವಳೂ ಹುಡುಗಿ, ಆದರೂ 'ಬುಲಾಯಾ'. ತರಗತಿ ಗೊಳ್ಳೆಂದಿತು. ನಕ್ಕಿದ್ದರಿಂದಲೋ ಏನೋ, ಈ ವಾಕ್ಯ ಯಾರೂ ಮರೆತಿಲ್ಲ. ಆದರೆ 'ಮಾ ನೇ ಮುಝೇ ಬುಲಾಯಾ' ಅಂತ ಹುಡುಗಿಯರಿಂದ ಬರೆಸೋದು ಕಷ್ಟವಾಯಿತು. 'ಮುಝೇ' ಅಂದರೆ 'ಮುಝ್ ಕೋ', ಬಾಲ ಒಳಗೇ ಮಡಚಿಕೊಂಡಿದೆ ಅಂತ ಬಿಡಿಸಿ ತೋರಿಸಬೇಕಾಯಿತು.

ಮೂರು ಆಯ್ಕೆ ಕೊಡುವಾಗಲೂ ಈಗ ಯೋಚಿಸಿ ಕೊಡುತ್ತೇನೆ. 'ಲಡ್ಕೇ ನೇ ರೋಟೀ ____: ಖಾಯಾ, ಖಾಯೀ, ಖಾಯೇ.' 'ಖಾಯಾ' ಆರಿಸಿದ ಮಗು ಇನ್ನೂ ಹುಡುಗನ ಹಿಂದೆ ಹೋಗುತ್ತಿದೆ. 'ಖಾಯೇ' ಆರಿಸಿದರೆ, 'ನೇ' ಬಂದಾಗ 'ಲಡ್ಕಾ' ಅನ್ನೋದು 'ಲಡ್ಕೇ' ಆಗುತ್ತೆ ಅನ್ನೋದು ಗೊತ್ತಿಲ್ಲದೆ, ಬಹುವಚನ ಅಂದುಕೊಂಡಿದೆ. ಎರಡಕ್ಕೂ ಬೇರೆ ಬೇರೆ ಪಾಠ ಬೇಕು. ಮೊದಲೆಲ್ಲ ಎರಡಕ್ಕೂ ಒಂದೇ ಕೆಂಪು ಗೆರೆ ಎಳೆದು ಮುಗಿಸುತ್ತಿದ್ದೆ.

'ನೇ' ಎಲ್ಲೆಲ್ಲೂ ಅಂಟಿಸೋ ಚಾಳಿಗೆ ಮಾತ್ರ ನಮ್ಮ ವಿಭಕ್ತಿ ಪಟ್ಟಿಯೇ ಕಾರಣ ಅನ್ನಿಸುತ್ತೆ. ಕರ್ತಾ ಅಂದರೆ 'ನೇ', ಕರ್ಮ ಅಂದರೆ 'ಕೋ' ಅಂತ ಪಟ್ಟಿ. ಮಕ್ಕಳು ಅದನ್ನು ರಾಮನು, ರಾಮನನ್ನು ಇವುಗಳ ಪಕ್ಕ ಇಟ್ಟುಕೊಳ್ಳುತ್ತಾರೆ. ರಾಮನು ಅಂದರೆ 'ರಾಮ್ ನೇ' ಆದ ಮೇಲೆ 'ರಾಮ್ ನೇ ಗಯಾ' ಅಂತ ಬರೆಯದೆ ಏನು ಮಾಡುತ್ತಾರೆ? ಹೋಗೋದಕ್ಕೆ ಕರ್ಮ ಇಲ್ಲ, ಹಾಗಾಗಿ ಅಲ್ಲಿ 'ನೇ' ಇಲ್ಲ. ಆದರೆ ಈ ಕಾರಣ 'ಲಾನಾ' ಬಂದಾಗ ಕೈಕೊಡುತ್ತೆ. ತರೋದಕ್ಕೆ ಕರ್ಮ ಇದ್ದೇ ಇರುತ್ತೆ, ಆದರೂ ರಮೇಶ ಸಕ್ಕರೆ ತಂದ ಅನ್ನೋಕೆ 'ರಮೇಶ್ ಚೀನೀ ಲಾಯಾ'. 'ಲೇ ಆನಾ', ಅಂದರೆ ತೆಗೆದುಕೊಂಡು ಬರೋದು, ಸವೆದು 'ಲಾನಾ' ಆಗಿದೆ. ಅದರೊಳಗೆ ಬರುವ ಕ್ರಿಯೆ ಕೂತಿದೆ ಅಂತ ಹೇಳುತ್ತೇನೆ. ಮರೆಯೋದು ಅನ್ನೋ ಅರ್ಥದ ಭೂಲನಾಗೂ 'ನೇ' ಇಲ್ಲ. ಅದಕ್ಕೆ ಇಂಥ ಕಥೆ ನನ್ನ ಹತ್ತಿರ ಇಲ್ಲ, ನೆನಪಿಟ್ಟುಕೊಳ್ಳಿ ಅನ್ನುತ್ತೇನೆ.

ಹೊಸ ಕ್ವಿಜ್ ಮೊದಲ ಸಲ ಕೊಟ್ಟಾಗ ಅದೇ ಹುಡುಗನಿಗೆ ಹತ್ತಕ್ಕೆ ಮೂರು ಬಂತು. ಅವನ ಅಪ್ಪ ಶಾಲೆಗೇ ಬಂದರು. "ಎಂಟು ತಗೊಳೋನು ಮೂರಕ್ಕೆ ಇಳಿದವ್ನಲ್ಲ ಮೇಡಂ, ಮೊಬೈಲ್ ಕಿತ್ಕೊಳ್ಲಾ?" ಅಂದರು. ಎರಡೂ ಪತ್ರಿಕೆ ಪಕ್ಕಪಕ್ಕ ಇಟ್ಟು, ಮೊದಲನೇದರಲ್ಲಿ ತಪ್ಪು ನನ್ನದು ಅಂತ ತೋರಿಸೋ ಹೊತ್ತಿಗೆ ಊಟದ ಬೆಲ್ ಹೊಡೆಯಿತು. ಹುಡುಗ ಬಾಗಿಲಲ್ಲೇ ನಿಂತಿದ್ದ. "ಪಿತಾಜೀ ನೇ ಸಾಡೀ?" ಅಂದೆ. "ಖರೀದೀ ಮಿಸ್" ಅಂದು ತಟ್ಟೆ ಹಿಡಿದು ಓಡಿದ.