ಮೆಸ್ ಬಿಲ್ ವಿವರಿಸಲು ಪೋಷಕರಿಗೆ ಎರಡು ಸಲ ಪತ್ರ ಬರೆದೆ

ಬೆಂಗಳೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ನಾನು ವಾರ್ಡನ್. 80 ಹುಡುಗಿಯರಿದ್ದಾರೆ. ದಸರಾ ರಜೆ ಬಂದ ಅಕ್ಟೋಬರ್‌ನ ಬಿಲ್ ಕಳಿಸಿದ ಮಾರನೇ ದಿನವೇ ಹಾಸನದಿಂದ ಒಬ್ಬ ತಂದೆ ಫೋನ್ ಮಾಡಿದರು. "ಮೇಡಂ, ಮಗಳು 14 ದಿನ ನಮ್ಮ ಜೊತೆಗಿದ್ದಳು. ಹೋದ ತಿಂಗಳು 3,400 ಕಟ್ಟಿದ್ದೆ, ಈ ಸಲ ಹೆಚ್ಚುಕಮ್ಮಿ ಅರ್ಧ ಬರಬೇಕಲ್ವಾ? 2,600 ಹೇಗೆ?"

ಬಿಲ್ ಜೊತೆ ಲೆಕ್ಕದ ಸೂತ್ರವನ್ನು ಪತ್ರದಲ್ಲಿ ಬರೆದೇ ಕಳಿಸಿದ್ದೆ. ಆದರೆ ಸುಮ್ನೆ ಸೂತ್ರ ಕೊಟ್ಟರೆ ಯಾರಿಗೂ ತಮ್ಮ ಮಗಳ ಬಿಲ್ ಅರ್ಥವಾಗುವುದಿಲ್ಲ. ಎರಡನೇ ಪತ್ರದಲ್ಲಿ ಹೆಸರು ಹಾಕದೆ ಒಂದೇ ಹುಡುಗಿಯ ಬಿಲ್ ಬಿಡಿಸಿ ಬರೆದೆ.

ಮೊದಲು ದಿನದ ಲೆಕ್ಕ. ಅವಳು 9ರಂದು ಬೆಳಗ್ಗೆ ತಿಂಡಿ ತಿಂದು ಹೊರಟಳು, 22ರ ರಾತ್ರಿ ಊಟಕ್ಕೆ ವಾಪಸ್ ಬಂದಳು. ನಮ್ಮಲ್ಲಿ ಒಂದು ಹೊತ್ತು ಉಂಡರೂ ಆ ದಿನ ಹಾಜರಿ. ಹಾಗಾಗಿ ರಜೆ 10ರಿಂದ 21ರವರೆಗೆ, 12 ದಿನ. ಹಾಜರಿ 19.

ಆಮೇಲೆ ದಿನದ ದರ. ತಿಂಗಳ ಮೊದಲ ದಿನ ಉಗ್ರಾಣದಲ್ಲಿದ್ದ ರೇಷನ್ನಿನ ಬೆಲೆಗೆ ಆ ತಿಂಗಳ ಖರೀದಿ ಸೇರಿಸಿ, ಕೊನೆಗೆ ಉಳಿದದ್ದನ್ನು ಕಳೆಯುತ್ತೇವೆ. ಅಕ್ಟೋಬರ್‌ನಲ್ಲಿ ಹೀಗೆ ಖರ್ಚಾದದ್ದು 1,80,000. ಎಲ್ಲಾ ಹುಡುಗಿಯರ ಹಾಜರಿ ದಿನ ಕೂಡಿಸಿದರೆ 1,800. ಭಾಗಿಸಿದರೆ ದಿನಕ್ಕೆ 100 ರೂಪಾಯಿ. 19 ದಿನಕ್ಕೆ 1,900. ನಾಲ್ಕು ಜನ ಅಡುಗೆಯವರ ಸಂಬಳ 56,000, ಅದನ್ನು 80 ಜನಕ್ಕೂ ಸಮನಾಗಿ ಹಂಚುತ್ತೇವೆ, ತಲೆಗೆ 700. ಮಗಳು ಊರಿಗೆ ಹೋದರೂ ಈ 700 ಕಮ್ಮಿಯಾಗುವುದಿಲ್ಲ, ಯಾಕೆಂದರೆ ಅಡುಗೆಯವರು ತಿಂಗಳಿಡೀ ಕೆಲಸಕ್ಕೆ ಬಂದಿರುತ್ತಾರೆ. ಒಟ್ಟು 2,600.

ಇಷ್ಟು ಬರೆದ ಮೇಲೂ ಒಂದು ಪ್ರಶ್ನೆ ಉಳಿದಿತ್ತು, ಅದನ್ನು ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ದಿನದ ದರ 90 ಇತ್ತು, 10 ರೂಪಾಯಿ ಯಾಕೆ ಏರಿತು? ರೇಷನ್ ಪುಸ್ತಕ ತಿರುವಿ ನೋಡಿದೆ. ಅಕ್ಕಿ, ಬೇಳೆಯ ಬೆಲೆ ಹಾಗೇ ಇತ್ತು. ಆದರೆ ರಜೆಯ ಮೊದಲ ನಾಲ್ಕು ದಿನ ಅರ್ಧ ಹಾಸ್ಟೆಲ್ ಖಾಲಿಯಾಗಿದ್ದರೂ ಹಾಲು ಎಂದಿನಷ್ಟೇ ಬಂದಿತ್ತು, ಅನ್ನವೂ 80 ಜನಕ್ಕೇ ಆಗಿತ್ತು. ಬಹಳ ಹುಡುಗಿಯರು ಹೊರಡುವ ಹೊತ್ತಿಗೆ ಗೇಟಿನ ಪುಸ್ತಕದಲ್ಲಿ ಸಹಿ ಮಾಡಿ ಹೋಗಿದ್ದರು, ಅಡುಗೆಮನೆಗೆ ಸುದ್ದಿ ಮುಟ್ಟಿರಲಿಲ್ಲ. ಚೆಲ್ಲಿದ ಅನ್ನದ ಖರ್ಚೂ ಆ 1,80,000ದಲ್ಲೇ ಇದೆ. ಭಾಗಿಸುವ ದಿನ ಮಾತ್ರ ಕಮ್ಮಿಯಾಯಿತು, ದರ ಏರಿತು. ಅದನ್ನು ಹೆಚ್ಚು ತೆತ್ತವರು ಉಳಿದುಕೊಂಡ ಮಕ್ಕಳ ಮನೆಯವರು, ಜಾಸ್ತಿ ನೋವಾದದ್ದು ಅದಕ್ಕೇ.

ಇದನ್ನೂ ಪತ್ರದಲ್ಲಿ ಇದ್ದಂತೆ ಬರೆದು, ಊರಿಗೆ ಹೊರಡುವ ಹಿಂದಿನ ದಿನ ಸಂಜೆ 5ರೊಳಗೆ ಮೆಸ್ ಪುಸ್ತಕದಲ್ಲಿ ಹೆಸರು ಬರೆಸಿ ಎಂದು ಕೇಳಿಕೊಂಡೆ. ಈಗ ಸಂಜೆ ಆ ಪುಸ್ತಕ ನೋಡಿಯೇ ನಾಳೆಗೆ ಎಷ್ಟು ಹಾಲು, ಎಷ್ಟು ಸೇರು ಅಕ್ಕಿ ಎಂದು ಅಡುಗೆಯವರಿಗೆ ಹೇಳುತ್ತೇನೆ.