ರಜೆಯ ಪತ್ರ ಬೇರೆ, ಕಳುಹಿಸುವ ಪತ್ರ ಬೇರೆ

ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ ಆಡಳಿತ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಹಾಜರಾತಿ, ರಜೆ, ಕ್ಯಾಂಟೀನು, ಬಸ್ಸಿನ ಜೊತೆಗೆ ವಿದೇಶಕ್ಕೆ ಹೋಗುವವರ ವೀಸಾ ಕಾಗದಗಳೂ ನನ್ನ ಮೇಜಿಗೇ ಬರುತ್ತವೆ. 2025ರಲ್ಲಿ ನಮ್ಮ ಹಿರಿಯ ಎಂಜಿನಿಯರೊಬ್ಬರ ಜರ್ಮನಿಯ ವೀಸಾ ಅರ್ಜಿ ಒಮ್ಮೆ ತಿರಸ್ಕೃತವಾಯಿತು. ಅವರ ಪಾಸ್‌ಪೋರ್ಟಿನಲ್ಲಾಗಲಿ ಸಂಬಳದ ಚೀಟಿಯಲ್ಲಾಗಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ನಾನು ಟೈಪು ಮಾಡಿ, ನಮ್ಮ ಜನರಲ್ ಮ್ಯಾನೇಜರ್ ಸಹಿ ಹಾಕಿದ ಒಂದು ಪುಟದ ಪತ್ರದಲ್ಲಿ.

ಹೋಗಬೇಕಾಗಿದ್ದ ಕಾರಣ ಸರಳವಾಗಿತ್ತು. ಸ್ಟುಟ್‌ಗಾರ್ಟಿನ ಹತ್ತಿರದ ಒಂದು ಕಾರ್ಖಾನೆಯಿಂದ ನಾವು ಗಿಯರುಗಳ ಹಲ್ಲು ಉಜ್ಜುವ ಯಂತ್ರವೊಂದನ್ನು ಕೊಂಡಿದ್ದೆವು. ಯಂತ್ರವನ್ನು ಹಡಗಿಗೆ ಹಾಕುವ ಮುನ್ನ ನಮ್ಮವರೊಬ್ಬರು ಅಲ್ಲಿಗೆ ಹೋಗಿ, ನಮ್ಮದೇ ಬಿಡಿಭಾಗಗಳನ್ನು ಅದರಲ್ಲಿ ಉಜ್ಜಿಸಿ, ಅಳತೆ ನೋಡಿ, ಸರಿಯಿದೆಯೆಂದು ಸಹಿ ಹಾಕಬೇಕು. ಆಮೇಲೆ ಒಂದು ವಾರ ಅದನ್ನು ನಡೆಸುವುದನ್ನು ಕಲಿತು ಬರಬೇಕು. ಮೊದಲ ವಾರ ಪರೀಕ್ಷೆ, ಎರಡನೆಯ ವಾರ ತರಬೇತಿ ಎಂದು ಎರಡೂ ಕಡೆಯವರು ಒಪ್ಪಿಕೊಂಡಿದ್ದರು.

ನನ್ನ ಕಂಪ್ಯೂಟರಿನಲ್ಲಿ ಹಳೆಯ ನಮೂನೆಯೊಂದಿತ್ತು. ಯಾರಾದರೂ ಕುಟುಂಬದೊಂದಿಗೆ ಪ್ರವಾಸಕ್ಕೆ ಹೋಗುವಾಗ ಕೊಡುತ್ತಿದ್ದ ನಿರಾಕ್ಷೇಪಣಾ ಪತ್ರ ಅದು: ಇವರು ಇಷ್ಟು ವರ್ಷದಿಂದ ನಮ್ಮಲ್ಲಿದ್ದಾರೆ, ಇಷ್ಟು ಸಂಬಳ ಪಡೆಯುತ್ತಾರೆ, ಇಂಥ ದಿನಗಳಿಗೆ ಇವರ ರಜೆ ಮಂಜೂರಾಗಿದೆ, ಇವರ ಪ್ರಯಾಣಕ್ಕೆ ನಮ್ಮ ಆಕ್ಷೇಪವಿಲ್ಲ. ಅದರಲ್ಲಿ ಹೆಸರು, ದಿನಾಂಕ ಬದಲಿಸಿ, ಉದ್ದೇಶದ ಜಾಗದಲ್ಲಿ ‘ಯಂತ್ರಕ್ಕೆ ಸಂಬಂಧಿಸಿದ ತಾಂತ್ರಿಕ ಕೆಲಸ ಮತ್ತು ತರಬೇತಿ’ ಎಂದು ಬರೆದು, ಕೊನೆಗೆ ‘ಪ್ರಯಾಣದ ಎಲ್ಲ ವೆಚ್ಚವನ್ನೂ ಕಂಪನಿ ಭರಿಸುತ್ತದೆ’ ಎಂಬ ಸಾಲು ಸೇರಿಸಿದೆ. ಹತ್ತು ನಿಮಿಷದ ಕೆಲಸವಾಗಿತ್ತು. ಅರ್ಜಿ ಹೋಯಿತು, ಪಾಸ್‌ಪೋರ್ಟು ಹಿಂದಿರುಗಿತು. ಜೊತೆಗಿದ್ದ ಅಚ್ಚಿನ ನಮೂನೆಯಲ್ಲಿ, ಉದ್ದೇಶಿತ ವಾಸ್ತವ್ಯದ ಕಾರಣ ಮತ್ತು ಷರತ್ತುಗಳಿಗೆ ಸಮರ್ಥನೆ ಒದಗಿಸಿಲ್ಲ ಎಂಬ ಸಾಲಿನ ಮುಂದೆ ಗುರುತು ಹಾಕಲಾಗಿತ್ತು. ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ 90 ಯೂರೊ ಶುಲ್ಕ ಅರ್ಜಿ ತಿರಸ್ಕೃತವಾದರೆ ಹಿಂದಿರುಗಿ ಬರುವುದಿಲ್ಲ.

ಆ ಸಂಜೆ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿಕೊಂಡು, ನಮ್ಮನ್ನು ಅರಿಯದ ಒಬ್ಬ ಅಧಿಕಾರಿಯ ಕಣ್ಣಿನಿಂದ ಓದಲು ಯತ್ನಿಸಿದೆ. ಮೊದಲು ಕಣ್ಣಿಗೆ ಬಿದ್ದದ್ದು ‘ರಜೆ’ ಎಂಬ ಪದ. ಕಂಪನಿಯ ಕೆಲಸಕ್ಕೆ ಹೋಗುವವರಿಗೆ ರಜೆ ಏಕೆ? ರಜೆ ಕೊಟ್ಟು, ಆಕ್ಷೇಪವಿಲ್ಲವೆಂದು ಹೇಳುವ ಮಾಲೀಕ ಒಬ್ಬನನ್ನು ಹೋಗಲು ಬಿಡುತ್ತಿದ್ದಾನೆಯೇ ಹೊರತು ಕಳುಹಿಸುತ್ತಿಲ್ಲ. ಆಹ್ವಾನ ಪತ್ರದಲ್ಲಿ ಜರ್ಮನಿಯವರು ‘ನಿಮ್ಮ ಪ್ರತಿನಿಧಿಯಾಗಿ’ ಇವರನ್ನು ಕರೆದಿದ್ದರೆ, ನಮ್ಮ ಪತ್ರದಲ್ಲಿ ಇವರು ರಜೆಯ ಮೇಲಿರುವ ನೌಕರ. ಒಂದೇ ಪ್ರಯಾಣದ ಬಗ್ಗೆ ಎರಡು ಕಂಪನಿಗಳು ಎರಡು ಕಥೆ ಹೇಳಿದಂತಾಗಿತ್ತು.

ಎರಡನೆಯದು ‘ತಾಂತ್ರಿಕ ಕೆಲಸ’. ನಮಗೆ ಅದು ನಿರುಪದ್ರವಿ ಮಾತು; ಪೀಣ್ಯದಲ್ಲಿ ಎಲ್ಲರೂ ಮಾಡುವುದು ತಾಂತ್ರಿಕ ಕೆಲಸವೇ. ಆದರೆ ವ್ಯವಹಾರದ ಭೇಟಿಗೆಂದು ಕೇಳಿದ ವೀಸಾದ ಮೇಲೆ ಅಲ್ಲಿ ಯಾರ ಬಳಿಯೂ ಉದ್ಯೋಗ ಮಾಡುವಂತಿಲ್ಲ. ಕೊಂಡ ಯಂತ್ರವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವುದು, ಅದನ್ನು ನಡೆಸುವುದನ್ನು ಕಲಿಯುವುದು ಒಂದು ಬಗೆ. ಅಲ್ಲಿಯ ಕಾರ್ಖಾನೆಗಾಗಿ ಯಂತ್ರ ಜೋಡಿಸಿ ಕೊಡುವುದು ಇನ್ನೊಂದು ಬಗೆ. ಯಾವುದೆಂದು ನಾನು ಬಿಡಿಸಿ ಬರೆಯದಿದ್ದಾಗ ಓದುವವರು ಎರಡನೆಯದನ್ನು ಊಹಿಸಿಕೊಂಡರೆ ತಪ್ಪೆನ್ನಲಾರೆ.

ಮೂರನೆಯದು ದಿನಾಂಕಗಳು, ಮತ್ತು ಇದರಲ್ಲಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನನ್ನ ಪತ್ರದಲ್ಲಿ ನವೆಂಬರ್ 10ರಿಂದ 21ರವರೆಗೆ, ‘ಹತ್ತು ಕೆಲಸದ ದಿನಗಳು’ ಎಂದಿತ್ತು. ಆಹ್ವಾನದಲ್ಲಿ ‘ಎರಡು ವಾರ’ ಎಂದಿತ್ತು. ಬೆಂಗಳೂರಿನಿಂದ ವಿಮಾನ ಹೊರಡುವುದು 9ರ ಭಾನುವಾರ ನಸುಕಿನಲ್ಲಿ, ಫ್ರಾಂಕ್‌ಫರ್ಟಿನಿಂದ ಹಿಂದಿರುಗುವುದು 22ರ ಶನಿವಾರ. ಪ್ರಯಾಣ ವಿಮೆಯನ್ನು ನನ್ನ ಪತ್ರ ನೋಡಿಯೇ ಮಾಡಿಸಿದ್ದರಿಂದ ಅದೂ 10ರಿಂದ 21ಕ್ಕೆ ಮಾತ್ರ ಇತ್ತು. ಷೆಂಗೆನ್ ಲೆಕ್ಕದಲ್ಲಿ ಒಳಬರುವ ದಿನವೂ ಹೊರಹೋಗುವ ದಿನವೂ ಪೂರ್ಣ ದಿನಗಳೇ. ಹಾಗೆ ಎಣಿಸಿದರೆ 9ರಿಂದ 22ರವರೆಗೆ 14 ದಿನ. ಕಡ್ಡಾಯವಾದ 30,000 ಯೂರೊ ವೈದ್ಯಕೀಯ ವಿಮೆ ಆ ಹದಿನಾಲ್ಕೂ ದಿನಕ್ಕೆ ಇರಬೇಕು. ನಮ್ಮ ಕಾಗದಗಳ ಪ್ರಕಾರ ಮೊದಲ ಮತ್ತು ಕೊನೆಯ ದಿನ ಅವರು ವಿಮೆಯಿಲ್ಲದೆ, ಕಾರಣವಿಲ್ಲದೆ ಯುರೋಪಿನಲ್ಲಿರುತ್ತಿದ್ದರು. ನಡುವಿನ ಶನಿವಾರ, ಭಾನುವಾರ ಅವರೆಲ್ಲಿರುತ್ತಾರೆ ಎಂಬುದಕ್ಕೂ ಪತ್ರದಲ್ಲಿ ಉತ್ತರವಿರಲಿಲ್ಲ. ಕಾರ್ಖಾನೆಯಲ್ಲಿ ಕೆಲಸದ ದಿನ ಎಣಿಸಿ ಎಣಿಸಿ ನನ್ನ ಬೆರಳಿಗೆ ಬೇರೆ ಎಣಿಕೆಯೇ ಮರೆತುಹೋಗಿತ್ತು.

ನಾಲ್ಕನೆಯದು ಹಣ. ‘ಎಲ್ಲ ವೆಚ್ಚ ಕಂಪನಿಯದು’ ಎಂಬುದು ಉದಾರವಾದ ಮಾತು, ಆದರೆ ನಿಜವಾಗಿರಲಿಲ್ಲ. ಯಂತ್ರದ ಖರೀದಿ ಒಪ್ಪಂದದಂತೆ ಹೋಟೆಲನ್ನೂ ಹೋಟೆಲಿನಿಂದ ಕಾರ್ಖಾನೆಗೆ ಹೋಗಿಬರುವ ವಾಹನವನ್ನೂ ಜರ್ಮನಿಯವರು ಕೊಡುತ್ತಿದ್ದರು, ಆಹ್ವಾನದಲ್ಲಿ ಹಾಗೆಂದೇ ಬರೆದಿದ್ದರು. ಹೋಟೆಲಿನ ರಸೀದಿ ಅವರ ಹೆಸರಿನಲ್ಲಿತ್ತು. ನಮ್ಮದು ವಿಮಾನದ ಟಿಕೆಟ್, ವಿಮೆ ಮತ್ತು ದಿನಭತ್ಯೆ. ಒಂದೇ ಹೋಟೆಲಿಗೆ ಇಬ್ಬರು ಹಣ ಕೊಡುವುದಾಗಿ ಹೇಳಿದರೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಗುತ್ತದೆ.

ಎರಡನೆಯ ಬಾರಿ ಪತ್ರ ಬರೆಯಲು ಒಂದು ದಿನ ತೆಗೆದುಕೊಂಡೆ. ಮೊದಲು ಜರ್ಮನಿಯವರಿಗೆ ನಮ್ಮ ಕರಡನ್ನು ಕಳುಹಿಸಿ, ಅವರ ಆಹ್ವಾನದ ಕರಡನ್ನು ತರಿಸಿಕೊಂಡು, ಎರಡನ್ನೂ ಪಕ್ಕಪಕ್ಕ ಇಟ್ಟು ದಿನಾಂಕ, ಉದ್ದೇಶ, ವೆಚ್ಚ ಮೂರನ್ನೂ ತಾಳೆ ನೋಡಿದೆ. ಯಂತ್ರದ ಪರೀಕ್ಷೆ ಮೂರು ವಾರ ಮುಂದಕ್ಕೆ ಹೋಗಿತ್ತು. ಪತ್ರ ಇಂಗ್ಲಿಷಿನಲ್ಲಿತ್ತು, ಅದರ ನಡುವಿನ ಭಾಗದ ತಾತ್ಪರ್ಯ ಹೀಗಿತ್ತು:

‘ನಮ್ಮ ಖಾಯಂ ನೌಕರರಾದ ಇವರನ್ನು, ನಾವು ನಿಮ್ಮ ದೇಶದ ಇಂಥ ಕಂಪನಿಯಿಂದ ಇಂಥ ಸಂಖ್ಯೆಯ ಖರೀದಿ ಆದೇಶದ ಮೇರೆಗೆ ಕೊಂಡಿರುವ ಯಂತ್ರವನ್ನು ರವಾನೆಗೆ ಮುನ್ನ ಪರೀಕ್ಷಿಸಿ ಒಪ್ಪಿಕೊಳ್ಳಲು ಮತ್ತು ಅದರ ಬಳಕೆಯ ತರಬೇತಿ ಪಡೆಯಲು ನಮ್ಮ ಪರವಾಗಿ ಕಳುಹಿಸುತ್ತಿದ್ದೇವೆ. ಡಿಸೆಂಬರ್ 1ರಿಂದ 5ರವರೆಗೆ ಪರೀಕ್ಷೆ, 8ರಿಂದ 12ರವರೆಗೆ ತರಬೇತಿ ನಡೆಯುತ್ತದೆ. ನಡುವಿನ ಎರಡು ದಿನ ಅವರು ಅದೇ ಹೋಟೆಲಿನಲ್ಲಿರುತ್ತಾರೆ. ಈ ಅವಧಿಯಲ್ಲಿ ಅವರು ಆತಿಥೇಯ ಕಂಪನಿಗಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ, ಅವರಿಂದ ಸಂಬಳ ಪಡೆಯುವುದಿಲ್ಲ. ಅವರ ಸಂಬಳ ಎಂದಿನಂತೆ ಬೆಂಗಳೂರಿನಲ್ಲಿ ಜಮೆಯಾಗುತ್ತದೆ. ವಿಮಾನದ ಟಿಕೆಟ್, ವೈದ್ಯಕೀಯ ವಿಮೆ ಮತ್ತು ದಿನಭತ್ಯೆಯನ್ನು ನಾವು ಭರಿಸುತ್ತೇವೆ. ಹೋಟೆಲು ಮತ್ತು ಸ್ಥಳೀಯ ಓಡಾಟವನ್ನು ಆತಿಥೇಯ ಕಂಪನಿ ಭರಿಸುತ್ತದೆ. ಹಿಂದಿರುಗಿದ ಮೇಲೆ ಅವರು ಇದೇ ಹುದ್ದೆಯಲ್ಲಿ ಮುಂದುವರಿಯುತ್ತಾರೆ.’

ಖರೀದಿ ಆದೇಶದ ಸಂಖ್ಯೆ ಹಾಕಿ, ಅದರ ಮೊದಲ ಪುಟದ ಪ್ರತಿಯನ್ನೂ ಲಗತ್ತಿಸಿದೆ. ಉದ್ದೇಶವನ್ನು ಎಷ್ಟು ಚೆಂದವಾಗಿ ವರ್ಣಿಸಿದರೂ ಅದು ಬರಿಯ ಮಾತು; ಸಂಖ್ಯೆಯಿದ್ದರೆ ಯಂತ್ರ ನಿಜಕ್ಕೂ ಕೊಂಡದ್ದು, ಕರೆಯುವವರು ನಿಜಕ್ಕೂ ಮಾರಿದವರು ಎಂಬುದು ಕಾಗದದಲ್ಲೇ ಸಿಗುತ್ತದೆ. ವೆಚ್ಚದ ನಮ್ಮ ಪಾಲಿಗೆ ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆ. ಸಹಿಯ ಕೆಳಗೆ ಸಹಿ ಮಾಡಿದವರ ಹೆಸರು, ಹುದ್ದೆ ಬರೆದು, ಹಿಂದಿನ ಪತ್ರದಲ್ಲಿದ್ದ ಗೇಟಿನ ಸೆಕ್ಯುರಿಟಿ ಎತ್ತುವ ಫೋನ್ ಸಂಖ್ಯೆಯನ್ನು ತೆಗೆದು, ನನ್ನ ಮೇಜಿನ ನೇರ ಸಂಖ್ಯೆ ಹಾಕಿದೆ. ಮೊದಲಿನ ತಿರಸ್ಕಾರವನ್ನು ಅರ್ಜಿಯಲ್ಲಿ ಮುಚ್ಚಿಡಲಿಲ್ಲ. ಏನು ತಪ್ಪಾಗಿತ್ತು, ಏನನ್ನು ಸರಿಪಡಿಸಿದ್ದೇವೆ ಎಂದು ಬೇರೆ ಹಾಳೆಯಲ್ಲಿ ನಾಲ್ಕು ಸಾಲು ಬರೆದೆ.

ಇದೇ ಪತ್ರ ವೀಸಾಕ್ಕೆ ಮಾತ್ರವಲ್ಲ, ಬ್ಯಾಂಕಿಗೂ ಬೇಕಾಗುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ದಿನಭತ್ಯೆಯನ್ನು ಫಾರೆಕ್ಸ್ ಕಾರ್ಡಿಗೆ ತುಂಬಿಸುವಾಗ, ಅದು ನೌಕರನ ಸ್ವಂತ ಹಣವೋ ಕಂಪನಿಯದೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಸ್ವಂತದ್ದಾದರೆ ಅದು ವ್ಯಕ್ತಿಯೊಬ್ಬನಿಗೆ ವಿದೇಶಕ್ಕೆ ಹಣ ಕಳುಹಿಸಲು, ಒಯ್ಯಲು ವರ್ಷಕ್ಕೆ ಇರುವ 2,50,000 ಡಾಲರ್ ಮಿತಿಯೊಳಗೆ ಸೇರುತ್ತದೆ, ಮೂಲದಲ್ಲೇ ವಸೂಲಾಗುವ ತೆರಿಗೆಯಾದ ಟಿಸಿಎಸ್‌ನ ನಿಯಮಗಳೂ ಅನ್ವಯಿಸುತ್ತವೆ. ಕಂಪನಿಯೇ ಕಳುಹಿಸಿ, ಕಂಪನಿಯೇ ಖರ್ಚು ಕೊಡುವುದಾದರೆ ಅದು ಆ ಮಿತಿಯ ಹೊರಗೆ. ಯಾರು ಕಳುಹಿಸುತ್ತಾರೆ, ಯಾರು ಕೊಡುತ್ತಾರೆ ಎಂಬ ಎರಡು ಸಾಲುಗಳನ್ನೇ ಬ್ಯಾಂಕಿನವರೂ ಹುಡುಕಿ ಓದಿದರು.

ಅರ್ಜಿ ಸಲ್ಲಿಸುವ ಹಿಂದಿನ ದಿನ ಎಂಜಿನಿಯರ್ ನನ್ನ ಮೇಜಿನ ಬಳಿ ಬಂದು ನಿಂತರು. ‘ಮೇಡಂ, ಮ್ಯೂನಿಕ್‌ನಲ್ಲಿ ನಮ್ಮ ಭಾವ ಇದ್ದಾರೆ. ತರಬೇತಿ ಮುಗಿದ ಮೇಲೆ ಎರಡು ದಿನ ಅವರ ಮನೇಲಿ ಇದ್ದು ಬರಬಹುದಾ? ಪತ್ರದಲ್ಲಿ ಅದನ್ನ ಹಾಕೋದು ಬೇಡ ಅಂದ್ಕೊಂಡೆ, ಮತ್ತೆ ರಿಜೆಕ್ಟ್ ಆದ್ರೆ ಅಂತ.’

ನನಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತು. ಆದರೆ ಹೋಟೆಲಿನ ಕಾಯ್ದಿರಿಸುವಿಕೆ 13ರ ಬೆಳಿಗ್ಗೆಗೆ ಮುಗಿಯುತ್ತಿತ್ತು, ಟಿಕೆಟ್ಟು 15ರದ್ದಾದರೆ ನಡುವಿನ ದಿನಗಳು ಕಾಗದದಲ್ಲಿ ಮತ್ತೆ ಖಾಲಿ ಉಳಿಯುತ್ತಿದ್ದವು. ಮತ್ತೆ ಕುಳಿತು ತಿದ್ದಿದೆ. ಪ್ರವೇಶ ನವೆಂಬರ್ 30, ನಿರ್ಗಮನ ಡಿಸೆಂಬರ್ 15, ಒಟ್ಟು 16 ದಿನ. ವಿಮೆಯೂ ಅಷ್ಟೇ ದಿನಕ್ಕೆ. ಪತ್ರಕ್ಕೆ ಒಂದು ವಾಕ್ಯ ಸೇರಿತು: 13ರ ಮಧ್ಯಾಹ್ನದಿಂದ 15ರವರೆಗೆ ಇವರು ಸ್ವಂತ ಖರ್ಚಿನಲ್ಲಿ ಸಂಬಂಧಿಕರ ಮನೆಯಲ್ಲಿರುತ್ತಾರೆ, 15ರ ಸೋಮವಾರಕ್ಕೆ ಇವರ ರಜೆ ಮಂಜೂರಾಗಿದೆ. ಭಾವನವರಿಂದ ವಿಳಾಸ ಸಹಿತ ಒಂದು ಸಣ್ಣ ಪತ್ರ ತರಿಸಿದೆವು. ಆ ದಿನಗಳ ಕೈಖರ್ಚನ್ನು ಅವರು ತಮ್ಮದೇ ಬೇರೆ ಕಾರ್ಡಿಗೆ ತುಂಬಿಸಿಕೊಂಡರು.

ಹಿಂದಿನ ಪತ್ರದಲ್ಲಿ ಹತ್ತು ಕೆಲಸದ ದಿನಕ್ಕೂ ತಪ್ಪಾಗಿ ಹರಡಿಕೊಂಡಿದ್ದ ‘ರಜೆ’ ಈ ಬಾರಿ ಒಂದೇ ಒಂದು ಸೋಮವಾರಕ್ಕೆ ನಿಂತಿತ್ತು. ಎರಡು ವಾರದೊಳಗೆ ಪಾಸ್‌ಪೋರ್ಟು ವೀಸಾ ಸಮೇತ ಬಂತು. ಹಳೆಯ ನಮೂನೆಯನ್ನು ಅಳಿಸಲಿಲ್ಲ, ಪ್ರವಾಸಕ್ಕೆ ಹೋಗುವವರಿಗೆ ಅದು ಈಗಲೂ ಬೇಕು. ಕಡತದ ಹೆಸರನ್ನು ಮಾತ್ರ ‘ರಜೆಯ ಮೇಲೆ ಹೋಗುವವರಿಗೆ’ ಎಂದು ಬದಲಿಸಿದೆ.